ಕೋಲ್ಡ್ ಬ್ರೂ ನಾಲ್ಕನೇ ದಿನಕ್ಕೆ ಹುಳಿ ಬರುತ್ತಿದೆ, ಗ್ಲಾಸಿಂದ ಗ್ಲಾಸಿಗೆ ರುಚಿಯೂ ಬೇರೆ. ಎಲ್ಲಿ ತಪ್ಪುತ್ತಿದೆ?

ಕುಡ್ಲದ ಕೆಫೆ:
ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ನನ್ನದೊಂದು ಸಣ್ಣ ಕೆಫೆ ಉಂಟು. ಬೇಸಿಗೆ ಶುರುವಾದರೆ ಬಿಸಿ ಕಾಫಿ ಕೇಳುವವರು ಕಡಿಮೆ. ಕೋಲ್ಡ್ ಬ್ರೂ ವಾರದ ದಿನಗಳಲ್ಲಿ 25 ಗ್ಲಾಸ್, ಶನಿವಾರ ಭಾನುವಾರ 50 ಗ್ಲಾಸ್ ಹೋಗುತ್ತದೆ.

ನಾನು ಮಾಡುವುದು ಹೀಗೆ. ಚಿಕ್ಕಮಗಳೂರಿನ ಅರೇಬಿಕಾ 3 ಕೆಜಿ, ತರಿಯಾಗಿ ಪುಡಿ ಮಾಡಿಸಿ ಚೀಲಕ್ಕೆ ತುಂಬುತ್ತೇವೆ. ನಲ್ಲಿ ಇರುವ 20 ಲೀಟರ್ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 15 ಲೀಟರ್ ಫಿಲ್ಟರ್ ನೀರು ಹಾಕಿ ಅದರಲ್ಲಿ ಮುಳುಗಿಸುತ್ತೇವೆ. ಭಾನುವಾರ ಮಧ್ಯಾಹ್ನ 3ಕ್ಕೆ ಹಾಕಿದರೆ ಸೋಮವಾರ ಬೆಳಿಗ್ಗೆ 9ಕ್ಕೆ ತೆಗೆಯುವುದು. ಆಮೇಲೆ ಡ್ರಮ್ ಫ್ರಿಜ್ಜಿಗೆ. ಗುರುವಾರ ಮಧ್ಯಾಹ್ನ ಇನ್ನೊಂದು ಬ್ಯಾಚ್ ಹಾಕುತ್ತೇವೆ.

ತೊಂದರೆ ಎರಡು. ಒಂದು, ಗುರುವಾರ ಹೊತ್ತಿಗೆ ಹುಳಿ ಬರುತ್ತದೆ. ಎಲ್ಲ ಕಡೆ ಎರಡು ವಾರ ಇರುತ್ತದೆ ಅಂತಾರೆ, ನನ್ನದು ಯಾಕೆ ನಾಲ್ಕು ದಿನ ಇರುವುದಿಲ್ಲ? ಇನ್ನೊಂದು, ಒಬ್ಬರೇ ಗಿರಾಕಿ ಬೆಳಿಗ್ಗೆ "ಚೆನ್ನಾಗಿದೆ" ಅಂದವರು ಸಂಜೆ "ನೀರು ನೀರು" ಅಂತಾರೆ. ನೀರಿನ ಲೆಕ್ಕ ಎಷ್ಟು ಇಡಬೇಕು? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಮೈಸೂರು ಡಿಕಾಕ್ಷನ್:
ನಮ್ಮದು ಮೈಸೂರಲ್ಲಿ ಹೋಟ್ಲು, 31 ವರ್ಷ ಆಯ್ತು. ಇಷ್ಟೆಲ್ಲ ಹದಿನೆಂಟು ಗಂಟೆ ಯಾಕೆ ಸ್ವಾಮಿ? ಬೆಳಿಗ್ಗೆ ಗಟ್ಟಿ ಡಿಕಾಕ್ಷನ್ ಇಳಿಸಿ, ತಣ್ಣಗಾದ ಮೇಲೆ ಫ್ರಿಜ್ಜಲ್ಲಿ ಇಡಿ. ಗ್ಲಾಸಿಗೆ ಐಸ್, ಹಾಲು, ಸಕ್ಕರೆ, ಮೇಲೆ ಡಿಕಾಕ್ಷನ್. ಐಸ್ ಕರಗುತ್ತೆ ಅಂತ ಮಾಮೂಲಿಗಿಂತ ಎರಡು ಪಟ್ಟು ಗಟ್ಟಿ ಇರಬೇಕು, ಅಷ್ಟೇ. ಚಿಕೋರಿ ಶೇಕಡ 20 ಇದ್ದರೆ ಇನ್ನೂ ಚೆನ್ನ. ನಾವು ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಖಾಲಿ, ಹುಳಿ ಬರೋ ಪ್ರಶ್ನೇನೇ ಇಲ್ಲ.

ಹುರಿದ ಬೀಜ:
ಸರ್, ನೀವು ಹೇಳಿದ್ದು ಐಸ್ಡ್ ಕಾಫಿ. ಅದು ಒಳ್ಳೆಯದೇ, ಆದರೆ ಅವರು ಕೇಳಿದ್ದು ಬೇರೆ. ಬಿಸಿ ನೀರಲ್ಲಿ ಇಳಿಸಿದ ಕಾಫಿಯ ಘಮ ಕೆಲವೇ ಗಂಟೆಯಲ್ಲಿ ಹಾರುತ್ತದೆ, ಅದನ್ನು ಅವತ್ತೇ ಮುಗಿಸಬೇಕು. ನೀವು ಮುಗಿಸುತ್ತೀರಿ, ಅದಕ್ಕೇ ತೊಂದರೆ ಕಂಡಿಲ್ಲ. ಐಸ್ ಕರಗುವುದನ್ನು ಮೊದಲೇ ಲೆಕ್ಕ ಹಿಡಿಯಬೇಕು ಅಂದಿರಲ್ಲ, ಆ ಮಾತು ಮಾತ್ರ ಕೋಲ್ಡ್ ಬ್ರೂಗೂ ಪೂರ್ತಿ ಸರಿ. ಅದಕ್ಕೆ ಆಮೇಲೆ ಬರುತ್ತೇನೆ.

ಕುಡ್ಲದವರೇ, ನಾನು ಬೆಂಗಳೂರಲ್ಲಿ ಹುರಿಯುವ ಕೆಲಸ ಮಾಡುತ್ತೇನೆ, ಎಂಟು ವರ್ಷದಿಂದ ಮೂರು ಕೆಫೆಗಳಿಗೆ ಕೋಲ್ಡ್ ಬ್ರೂ ಬ್ಯಾಚ್ ನೋಡಿಕೊಳ್ಳುತ್ತೇನೆ. ಉತ್ತರ ಹೇಳುವ ಮೊದಲು ನಾಲ್ಕು ವಿಷಯ ಗೊತ್ತಾಗಬೇಕು.

ನಲ್ಲಿಯನ್ನು ಬಿಚ್ಚಿ ತೊಳೆಯುತ್ತೀರಾ, ಅಥವಾ ಬಿಸಿ ನೀರು ಹಾಯಿಸಿ ಬಿಡುತ್ತೀರಾ? ಗುರುವಾರ ಡ್ರಮ್ಮಿನಲ್ಲಿ ಉಳಿದದ್ದನ್ನು ಏನು ಮಾಡುತ್ತೀರಿ? ನೆನೆಯುವಾಗ ಡ್ರಮ್ ಎಲ್ಲಿರುತ್ತದೆ? ಹುಳಿ ಅಂದರೆ ಎಂಥ ಹುಳಿ, ನಿಂಬೆಯದೋ, ಮಜ್ಜಿಗೆಯದೋ?

ಕುಡ್ಲದ ಕೆಫೆ:
ನಲ್ಲಿ ಬಿಚ್ಚುವುದಿಲ್ಲ, ಬಿಸಿ ನೀರು ಹಾಯಿಸುತ್ತೇವೆ. ಉಳಿದದ್ದು ಒಂದೂವರೆ ಲೀಟರ್ ಇರುತ್ತದೆ. ಬಿಸಾಡಲು ಮನಸ್ಸು ಬರುವುದಿಲ್ಲ, ಹೊಸ ಬ್ಯಾಚಿಗೆ ಸೇರಿಸುತ್ತೇವೆ. ನೆನೆಯುವುದು ಅಡುಗೆಮನೆ ಪಕ್ಕದ ಸ್ಟೋರಿನಲ್ಲಿ, ಹೊರಗೆ. ಹುಳಿ ಮಜ್ಜಿಗೆಯ ಥರ. ಒಮ್ಮೆ ಗ್ಲಾಸಿನಲ್ಲಿ ಸಣ್ಣ ನೊರೆಯೂ ಬಂತು.

ಇನ್ನೊಂದು ಹೇಳಲು ಮರೆತೆ. 15 ಲೀಟರ್ ಹಾಕಿದರೆ 9 ಲೀಟರ್ ಮಾತ್ರ ಬರುತ್ತದೆ. ಹಾಗಾಗಿ ಹುಡುಗರು ಚೀಲ ಹಿಂಡಿ ಇನ್ನೊಂದೂವರೆ ಲೀಟರ್ ತೆಗೆಯುತ್ತಾರೆ.

ಹುರಿದ ಬೀಜ:
ಮಜ್ಜಿಗೆ ಹುಳಿ, ನೊರೆ. ಅಂದರೆ ಕಾಫಿ ಹಳೆಯದಾಗಿದ್ದಲ್ಲ, ಅದರಲ್ಲಿ ಏನೋ ಬೆಳೆಯುತ್ತಿದೆ. ಈ ಎರಡನ್ನು ಬೇರೆ ಬೇರೆ ನೋಡಬೇಕು. ಗಾಳಿ ತಾಗಿ ಹಳತಾದ ಕೋಲ್ಡ್ ಬ್ರೂ ಹುಳಿ ಆಗುವುದಿಲ್ಲ. ಸಪ್ಪೆ ಆಗುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ, ಕೊನೆಗೆ ಮರದ ಕಹಿ. ಅದಕ್ಕೆ ಹತ್ತು ಹನ್ನೆರಡು ದಿನ ಬೇಕು. ನಾಲ್ಕೇ ದಿನಕ್ಕೆ ಹುಳಿ, ನೊರೆ, ಲೋಳೆ ಬಂದರೆ ಪಾತ್ರೆಯ ಕಡೆ ನೋಡಿ.

ನನಗೆ ಮೊದಲ ಅನುಮಾನ ನಲ್ಲಿ ಮೇಲೆ. ಒಳಗೆ ರಬ್ಬರ್ ವಾಷರ್ ಇರುತ್ತದೆ, ಅದರ ಹಿಂದೆ ಕಾಫಿ ಎಣ್ಣೆ ಮತ್ತು ಗಸಿ ಕೂರುತ್ತದೆ. ಮೇಲಿಂದ ಬಿಸಿ ನೀರು ಎಷ್ಟು ಹಾಯಿಸಿದರೂ ಅದು ಹೋಗುವುದಿಲ್ಲ. ಇವತ್ತು ಒಮ್ಮೆ ಬಿಚ್ಚಿ ನೋಡಿ. ಕಂದು ಲೋಳೆ ಕಾಣುತ್ತದೆ ಅಂತ ನನ್ನ ಅಂದಾಜು.

ಎರಡನೇದು ಹಳೆಯದರ ಮೇಲೆ ಹೊಸದು ಸುರಿಯುವುದು. ಇದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದೂವರೆ ಲೀಟರ್ ಉಳಿಸಲು ಹೋಗಿ 9 ಲೀಟರಿಗೆ ಹೆಪ್ಪು ಹಾಕುತ್ತಿದ್ದೀರಿ. ಅಲ್ಲದೆ ಡ್ರಮ್ಮಿನಲ್ಲಿರುವುದು ಎಷ್ಟು ದಿನದ್ದು ಅಂತ ಆಮೇಲೆ ಯಾರಿಗೂ ಹೇಳಲು ಆಗುವುದಿಲ್ಲ.

ಇನ್ನು 9 ಲೀಟರ್ ಬಂದರೆ ಅದು ನಷ್ಟ ಅಲ್ಲ. ಒಂದು ಕೆಜಿ ಪುಡಿ ಸುಮಾರು ಎರಡು ಲೀಟರ್ ನೀರನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಮೂರು ಕೆಜಿಗೆ ಆರು ಲೀಟರ್ ಚರಟದಲ್ಲೇ ಉಳಿಯುತ್ತದೆ. ಹಿಂಡಿದರೆ ಬರುವುದು ನುಣುಪಾದ ಗಸಿ. ಅದು ತಳದಲ್ಲಿ ಕೂತು ದಿನಾ ಕಹಿ ಬಿಡುತ್ತಾ ಇರುತ್ತದೆ. ಚೀಲವನ್ನು ಅರ್ಧ ಗಂಟೆ ತೂಗುಹಾಕಿ, ತಾನಾಗಿ ಇಳಿದಷ್ಟು ಸಾಕು. ಆಮೇಲೆ ಪೇಪರ್ ಫಿಲ್ಟರಿನಲ್ಲಿ ಇನ್ನೊಮ್ಮೆ ಸೋಸಿ. ಪುಡಿ ಇಡ್ಲಿ ರವೆಗಿಂತ ಸ್ವಲ್ಪ ದಪ್ಪ ಇದ್ದರೆ ಸೋಸುವುದು ಸುಲಭ.

ಬಯಲುಸೀಮೆ ಬಾಟ್ಲಿ:
ನನಗೊಂದು ಗೊತ್ತಿರೋದು ಹೇಳ್ತೀನಿ. ಕೋಲ್ಡ್ ಬ್ರೂ ಅಂದ್ರೆ ಆಸಿಡ್ ಕಡಿಮೆ, ಅದಕ್ಕೇ ಹೊಟ್ಟೆಗೆ ಒಳ್ಳೇದು. ಜೊತೆಗೆ ನೀರು ಬೆರೆಸೋ ಮುಂಚಿನ ಕಾನ್ಸಂಟ್ರೇಟ್ ಅಷ್ಟು ಗಟ್ಟಿ ಇರುತ್ತೆ, ಕೆಫೀನ್ ಜಾಸ್ತಿ. ಅದರಲ್ಲಿ ಏನೂ ಬೆಳೆಯಲ್ಲ ಅಲ್ವಾ? ಉಪ್ಪಿನಕಾಯಿ ಥರ. ನಾನು ದಾವಣಗೆರೆಯಲ್ಲಿ 200 ಎಂಎಲ್ ಬಾಟ್ಲಿಗೆ ತುಂಬಿ ಅಂಗಡಿಗಳಿಗೆ ಕೊಡಬೇಕು ಅಂತಿದ್ದೀನಿ, ಒಂದು ತಿಂಗಳ ಡೇಟ್ ಹಾಕಬಹುದಾ?

ನೀಲಾ, ಆಹಾರ ಪ್ರಯೋಗಾಲಯ:
ದಯವಿಟ್ಟು ಒಂದು ತಿಂಗಳ ಡೇಟ್ ಹಾಕಬೇಡಿ. ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ, ಆ ಅರ್ಧದಿಂದಲೇ ಅಪಾಯ.

ಬಿಸಿ ಕಾಫಿಗಿಂತ ಕೋಲ್ಡ್ ಬ್ರೂನಲ್ಲಿ ಒಟ್ಟು ಆಮ್ಲದ ಪ್ರಮಾಣ ಕಡಿಮೆ ಇರುವುದು ನಿಜ. ಆದರೆ ಪಿಎಚ್ ಅಳೆದರೆ ಎರಡೂ ಹತ್ತಿರ ಹತ್ತಿರ, 5ರ ಆಸುಪಾಸು. 2018ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಂದು ವಿಶ್ವವಿದ್ಯಾಲಯದವರು ಅಳೆದಾಗಲೂ ಎರಡೂ 4.85ರಿಂದ 5.13ರ ಒಳಗೇ ಬಂದವು. ಉಪ್ಪಿನಕಾಯಿ ಕೆಡದಿರುವುದು ಉಪ್ಪು ಮತ್ತು ಹುಳಿಯಿಂದ. ಕಾಫಿಯಲ್ಲಿ ಉಪ್ಪಿಲ್ಲ, ಹುಳಿಯೂ ಸಾಲದು. ನಮ್ಮ ಕೆಲಸದಲ್ಲಿ 4.6 ಒಂದು ಗಡಿ. ಪಿಎಚ್ ಅದಕ್ಕಿಂತ ಮೇಲಿದ್ದು, ಅಂದರೆ ಹುಳಿ ಸಾಲದೆ, ಬಾಟಲಿಯಲ್ಲಿ ಗಾಳಿಯೂ ಇಲ್ಲದೆ, ಹೊರಗಿನ ಬಿಸಿಯಲ್ಲಿ ಇಟ್ಟರೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಲು ಜಾಗ ಸಿಗುತ್ತದೆ. ಅದರ ವಿಷ ಬಣ್ಣ, ರುಚಿ ನೋಡಿ ಗೊತ್ತಾಗುವಂಥದ್ದಲ್ಲ. 2017ರಲ್ಲಿ ಅಮೆರಿಕದ ಡೆತ್ ವಿಶ್ ಕಾಫಿ ಕಂಪನಿ ಇದೇ ಭಯಕ್ಕೆ ತನ್ನ ನೈಟ್ರೋ ಕೋಲ್ಡ್ ಬ್ರೂ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸ್ ಕರೆಸಿಕೊಂಡಿತು. ಯಾರಿಗೂ ಕಾಯಿಲೆ ಆದ ವರದಿ ಇರಲಿಲ್ಲ, ಆದರೂ ಕರೆಸಿಕೊಂಡರು.

ಕೆಫೆಯೊಳಗೆ ಫ್ರಿಜ್ಜಿನಿಂದ ತೆಗೆದು ಕೊಡುವುದು ಒಂದು ವ್ಯವಹಾರ. ಬಾಟಲಿ ಮುಚ್ಚಿ ಊರ ಅಂಗಡಿಗಳಿಗೆ ಕಳಿಸುವುದು ಬೇರೆಯೇ ವ್ಯವಹಾರ. ಅದಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಲೇಬಲ್ ಎಲ್ಲ ಬೇಕು. ಅಂಗಡಿಯವರು ರಾತ್ರಿ ಫ್ರಿಜ್ ಆರಿಸಿದರೆ ನಿಮಗೆ ಗೊತ್ತೂ ಆಗುವುದಿಲ್ಲ. ಬಿಸಿ ಮಾಡಿ ತುಂಬುವ ವಿಧಾನಗಳಿವೆ, ಆದರೆ ಡೇಟ್ ಹಾಕುವ ಮೊದಲು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು.

ಕುಡ್ಲದವರಿಗೆ: ಏಪ್ರಿಲ್‌ನಲ್ಲಿ ಮಂಗಳೂರಿನ ಸ್ಟೋರ್ ರೂಮು ರಾತ್ರಿಯೂ 28–30 ಡಿಗ್ರಿ ಇರುತ್ತದೆ. ಅಲ್ಲಿ 18 ಗಂಟೆ ನೆನೆಹಾಕುವುದು ನನಗೆ ಒಪ್ಪಿಗೆ ಇಲ್ಲ. ಫ್ರಿಜ್ಜಿನೊಳಗೇ ನೆನೆಯಲಿ. ನೀರನ್ನೂ ಮೊದಲೇ ತಣ್ಣಗೆ ಮಾಡಿ ಹಾಕಿ. 15 ಲೀಟರ್ ಬೆಚ್ಚಗಿನ ನೀರಿನ ಡ್ರಮ್ಮನ್ನು ಕೌಂಟರ್ ಕೆಳಗಿನ ಫ್ರಿಜ್ಜಿಗೆ ತಳ್ಳಿದರೆ ಅದರ ನಡುಭಾಗ ತಣ್ಣಗಾಗಲು ಇಡೀ ರಾತ್ರಿ ಬೇಕು.

ಹುರಿದ ಬೀಜ:
ಮೇಡಂ, ನೀವು ಹೇಳುವ ಕಾರಣ ಒಪ್ಪುತ್ತೇನೆ. ಆದರೆ ಫ್ರಿಜ್ಜಿನಲ್ಲಿ ನೆನೆದದ್ದು ನನ್ನ ನಾಲಿಗೆಗೆ ಸ್ವಲ್ಪ ತೆಳುವು. ನಾನು ಬೆಂಗಳೂರಲ್ಲಿ ಹೊರಗೆ 12 ಗಂಟೆ ಇಟ್ಟು, ಸೋಸಿದ ತಕ್ಷಣ ಎರಡೆರಡು ಲೀಟರ್ ಬಾಟಲಿಗೆ ತುಂಬಿ ಐಸ್ ನೀರಲ್ಲಿ ಇಳಿಸಿ ಫ್ರಿಜ್ಜಿಗೆ ಹಾಕುತ್ತೇನೆ. ನಮ್ಮಲ್ಲಿ 24 ಡಿಗ್ರಿ. ಮಂಗಳೂರಿನ ಬಿಸಿಗೆ ನಾನೂ ಹಾಗೆ ಮಾಡುತ್ತಿರಲಿಲ್ಲ.

ನೀಲಾ, ಆಹಾರ ಪ್ರಯೋಗಾಲಯ:
24 ಡಿಗ್ರಿಯೂ ಬ್ಯಾಕ್ಟೀರಿಯಾಕ್ಕೆ ಹಿತವೇ. ರುಚಿ ತೆಳುವಾದರೆ ಸಮಯ 20 ಗಂಟೆಗೆ ಏರಿಸಿ, ಇಲ್ಲವೇ ಪುಡಿ ಸ್ವಲ್ಪ ಸಣ್ಣ ಮಾಡಿ. ಈ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಕುಡ್ಲದ ಕೆಫೆ:
ನಲ್ಲಿ ಬಿಚ್ಚಿದೆ. ನೀವು ಹೇಳಿದ ಹಾಗೇ ಉಂಟು. ವಾಷರಿನ ಹಿಂದೆ ಕಂದು ಲೋಳೆ, ಬೆರಳಿಗೆ ಜಾರುತ್ತದೆ, ಹುಳಿ ವಾಸನೆ. ಒಂದು ವರ್ಷದಿಂದ ಇದರಲ್ಲೇ ಕೊಟ್ಟಿದ್ದೇನಲ್ಲ ಅಂತ ತುಂಬ ಬೇಸರ ಆಯಿತು. ಇದನ್ನು ತೊಳೆಯುವುದು ಹೇಗೆ?

ನೀಲಾ, ಆಹಾರ ಪ್ರಯೋಗಾಲಯ:
ಆ ವಾಷರ್ ಬಿಸಾಡಿ ಹೊಸದು ಹಾಕಿ. ಉಳಿದ ಭಾಗಗಳನ್ನು ಮೊದಲು ಬಿಸಿ ನೀರು, ಸೋಪು, ಸಣ್ಣ ಬ್ರಷ್ ಹಾಕಿ ಉಜ್ಜಿ ಎಣ್ಣೆ ತೆಗೆಯಿರಿ. ಎಣ್ಣೆ ಇರುವ ಜಾಗಕ್ಕೆ ಕ್ಲೋರಿನ್ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. ಉಜ್ಜಿ ತೊಳೆದ ಮೇಲೆ, ಶೇಕಡ 5ರ ವಾಸನೆ ಸೇರಿಸದ ಸೋಡಿಯಂ ಹೈಪೊಕ್ಲೋರೈಟ್ ಅನ್ನು ಒಂದು ಲೀಟರ್ ನೀರಿಗೆ 2 ಎಂಎಲ್ ಬೆರೆಸಿ ಎರಡು ನಿಮಿಷ ಮುಳುಗಿಸಿ. ತೆಗೆದು ಗಾಳಿಗೆ ಒಣಗಿಸಿ, ಬಟ್ಟೆಯಿಂದ ಒರೆಸಬೇಡಿ. ಡ್ರಮ್ಮಿನ ಒಳಗೆ ಗೀರು ಬಿದ್ದಿದ್ದರೆ ಅದನ್ನೂ ಬದಲಿಸಿ, ಗೀರಿನಲ್ಲಿ ಬ್ರಷ್ ಹೋಗುವುದಿಲ್ಲ. ಚೀಲವನ್ನು ಕುದಿಸಿ ಬಿಸಿಲಿಗೆ ಹಾಕಿ.

ಹುರಿದ ಬೀಜ:
ನಲ್ಲಿಯೇ ಕಾರಣ ಅಂತ ಖಾತ್ರಿ ಆಗಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಹೊಸ ಬ್ಯಾಚ್ ಸೋಸುವಾಗಲೇ ಕುದಿಸಿದ ಎರಡು ಗಾಜಿನ ಬಾಟಲಿಗೆ ನೇರವಾಗಿ ತುಂಬಿ. ಹಳೆಯ ವಾಷರನ್ನು ಇನ್ನೂ ಬಿಸಾಡದಿದ್ದರೆ ಅದೇ ನಲ್ಲಿಯಿಂದ ಇನ್ನೆರಡು ಬಾಟಲಿ ಹಿಡಿಯಿರಿ. ಗಿರಾಕಿಗೆ ಕೊಡಬೇಡಿ, ಪರೀಕ್ಷೆಗೆ ಮಾತ್ರ. ನಾಲ್ಕನ್ನೂ ಒಂದೇ ಫ್ರಿಜ್ಜಿನಲ್ಲಿ, 4 ಡಿಗ್ರಿಯಲ್ಲಿ ಇಡಿ. ದಿನಾ ಮೂಸಿ ನೋಡಿ ಬರೆದಿಡಿ.

ಈಗ ನೀರಿನ ಲೆಕ್ಕ. ಈಗ ಒಂದು ಗ್ಲಾಸಿಗೆ ಎಷ್ಟು ಕಾನ್ಸಂಟ್ರೇಟ್ ಹಾಕುತ್ತೀರಿ?

ಕುಡ್ಲದ ಕೆಫೆ:
ಹುಡುಗರು ಕಣ್ಣಂದಾಜಿನಲ್ಲಿ ಹಾಕುತ್ತಾರೆ. ಐಸ್ ತುಂಬಿಸಿ ಅರ್ಧ ಕಾಫಿ ಅರ್ಧ ನೀರು. ಇವತ್ತು ಅವರಿಗೆ ಹೇಳದೆ ಐದು ಸಲ ತೂಗಿದೆ: 58, 70, 75, 88, 96 ಎಂಎಲ್.

ಹುರಿದ ಬೀಜ:
ಬೆಳಿಗ್ಗೆ ಚೆನ್ನಾಗಿದೆ, ಸಂಜೆ ನೀರು ನೀರು ಅನ್ನುವುದಕ್ಕೆ ಅದೇ ಉತ್ತರ. 58 ಎಂಎಲ್ ಸಿಕ್ಕ ಗಿರಾಕಿಗೂ 96 ಸಿಕ್ಕ ಗಿರಾಕಿಗೂ ಕಾಫಿಯಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

"ಒಂದಕ್ಕೆ ಒಂದು" ಅನ್ನುವ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಐಸನ್ನು. ಐಸೂ ನೀರೇ, ತಡವಾಗಿ ಬರುವ ನೀರು ಅಷ್ಟೇ. ಅದಕ್ಕೆ ಹೀಗೆ ಮಾಡಿ. ಗ್ಲಾಸಿಗೆ 130 ಗ್ರಾಂ ಐಸ್, 75 ಎಂಎಲ್ ಕಾನ್ಸಂಟ್ರೇಟ್, 100 ಎಂಎಲ್ ತಣ್ಣನೆ ನೀರು. ಹತ್ತು ನಿಮಿಷ ಟೇಬಲ್ ಮೇಲೆ ಬಿಡಿ. ಗಿರಾಕಿ ಅರ್ಧ ಕುಡಿಯುವ ಹೊತ್ತು ಅದು. ಆಮೇಲೆ ಐಸನ್ನು ಜರಡಿಯಲ್ಲಿ ತಡೆದು ಕಾಫಿ ಮಾತ್ರ ತೂಗಿ. ಹಾಕಿದ್ದು 175, ಎಷ್ಟಾಗಿದೆ ನೋಡಿ. ಹೆಚ್ಚಾದದ್ದೆಲ್ಲ ಕರಗಿದ ಐಸ್.

ಜೊತೆಗೆ ಒಂದು ಬ್ರಿಕ್ಸ್ ಮೀಟರ್ ಕೊಳ್ಳಿ. ಕಬ್ಬಿನ ರಸದ ಸಿಹಿ ನೋಡುವುದಕ್ಕೆ ಬಳಸುತ್ತಾರಲ್ಲ, ಅದೇ. ಕಾನ್ಸಂಟ್ರೇಟನ್ನು ಪೇಪರಿನಲ್ಲಿ ಸೋಸಿ, ಹೊರಗಿನ ತಾಪಕ್ಕೆ ಬಂದ ಮೇಲೆ ಒಂದು ಹನಿ ಹಾಕಿ. ಬಂದ ಅಂಕಿಯನ್ನು 0.85ರಿಂದ ಗುಣಿಸಿದರೆ ಕಾಫಿ ಎಷ್ಟು ಶೇಕಡ ಕರಗಿದೆ ಅಂತ ಸುಮಾರಾಗಿ ಸಿಗುತ್ತದೆ.

ಟೊರಾಂಟೊ ಬರಿಸ್ತಾ:
ನಾನು ಇಲ್ಲಿ ಕೆಫೆಯಲ್ಲಿ ಕೆಲಸ ಮಾಡುವವಳು, ಊರು ಶಿರಸಿ. ನಮ್ಮಲ್ಲಿ ಪ್ರತಿ ಬಾಟಲಿಗೂ ಸೋಸಿದ ದಿನ, ಗಂಟೆ, ಬಿಸಾಡಬೇಕಾದ ದಿನ ಬರೆದ ಚೀಟಿ ಅಂಟಿಸುತ್ತೇವೆ. ಕಾನ್ಸಂಟ್ರೇಟಿಗೆ ಏಳು ದಿನ, ನೀರು ಬೆರೆಸಿದ್ದಕ್ಕೆ ಎರಡು ದಿನ. ಹಾಲು ಬೆರೆಸಿದ್ದನ್ನು ಇಡುವುದೇ ಇಲ್ಲ, ಕೇಳಿದಾಗ ಬೆರೆಸುತ್ತೇವೆ. ಚೀಟಿ ಇಲ್ಲದ ಬಾಟಲಿ ಕಂಡರೆ ಯಾರೂ ಪ್ರಶ್ನೆ ಕೇಳದೆ ಚೆಲ್ಲುತ್ತೇವೆ.

ಒಂದು ಸಂಶಯ ನನಗೂ ಇದೆ. ನೀರು ಬೆರೆಸಿದ್ದು ಯಾಕೆ ಬೇಗ ಹೋಗುತ್ತದೆ? ಕಾನ್ಸಂಟ್ರೇಟೂ ಹೆಚ್ಚುಕಮ್ಮಿ ನೀರೇ ಅಲ್ವಾ?

ಹುರಿದ ಬೀಜ:
ತಂಗಿ, ರುಚಿಯ ಮಟ್ಟಿಗೆ ನಾನು ಕಂಡದ್ದು ಹೇಳುತ್ತೇನೆ. ತೆಳುವಾದ ಕಾಫಿಯಲ್ಲಿ ಸ್ವಲ್ಪ ಘಮ ಹೋದರೂ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಜೊತೆಗೆ ಬೆರೆಸುವಾಗ ಹೊಸ ನೀರು, ಹೊಸ ಜಗ್, ಗಾಳಿ ಎಲ್ಲ ಸೇರುತ್ತದೆ. ಬ್ಯಾಕ್ಟೀರಿಯಾ ವಿಷಯ ಮೇಡಂ ಹೇಳಲಿ.

ನೀಲಾ, ಆಹಾರ ಪ್ರಯೋಗಾಲಯ:
ಕಾಫಿ ಶೇಕಡ 4ರಷ್ಟು ಮಾತ್ರ ಕರಗಿರುವ ಕಾನ್ಸಂಟ್ರೇಟನ್ನು ಬ್ಯಾಕ್ಟೀರಿಯಾ ತಡೆಯುವಷ್ಟು ಗಟ್ಟಿ ಅಂತ ನಾನು ಕರೆಯುವುದಿಲ್ಲ. ಹಾಗಾಗಿ ಏಳು ದಿನ, ಎರಡು ದಿನದ ವ್ಯತ್ಯಾಸ ಹೆಚ್ಚಾಗಿ ಕೈ ತಾಗುವುದರಿಂದ ಮತ್ತು ರುಚಿಯಿಂದ. ಕಾನ್ಸಂಟ್ರೇಟಿಗೆ ಏಳು ದಿನ ಅನ್ನುವುದು 4 ಡಿಗ್ರಿ ಮತ್ತು ಶುದ್ಧ ಪಾತ್ರೆ ಎರಡೂ ಇದ್ದಾಗ ಮಾತ್ರ. ದಿನಕ್ಕೆ 40 ಸಲ ಬಾಗಿಲು ತೆಗೆಯುವ ಫ್ರಿಜ್ಜಿಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ, ಬಹಳ ಸಲ 8–9 ಇರುತ್ತದೆ.

ಕುಡ್ಲದ ಕೆಫೆ:
ಹನ್ನೆರಡು ದಿನ ಆಯಿತು, ಲೆಕ್ಕ ಕೊಡುತ್ತೇನೆ.

ಹಳೆ ನಲ್ಲಿಯಿಂದ ಹಿಡಿದ ಎರಡೂ ಬಾಟಲಿ ನಾಲ್ಕನೇ ದಿನ ಹುಳಿ ಬಂತು, ಒಂದರ ಮುಚ್ಚಳ ತೆಗೆಯುವಾಗ ಟಪ್ ಅಂತ ಸದ್ದು ಬಂತು. ನೇರ ತುಂಬಿದ ಎರಡೂ ಅವತ್ತು ಚೆನ್ನಾಗಿದ್ದವು. ಎಂಟನೇ ದಿನವೂ ಕೆಟ್ಟ ವಾಸನೆ ಇಲ್ಲ, ಆದರೆ ಮೊದಲಿನ ಹಣ್ಣಿನ ಘಮ ಹೋಗಿತ್ತು. ಹನ್ನೊಂದನೇ ದಿನ ಒದ್ದೆ ರಟ್ಟಿನ ವಾಸನೆ, ನೀವು ಹೇಳಿದ ಹಾಗೇ.

ಈಗ ನಲ್ಲಿ ಡ್ರಮ್ಮೇ ಬಿಟ್ಟೆ. ಫ್ರಿಜ್ಜಿನಲ್ಲಿ 20 ಗಂಟೆ, 5 ಲೀಟರಿನ ಮೂರು ಸ್ಟೀಲ್ ಡಬ್ಬ, ಒಂದೊಂದಕ್ಕೂ 800 ಗ್ರಾಂ ಪುಡಿ, 4 ಲೀಟರ್ ತಣ್ಣಗಿನ ನೀರು. ಒಟ್ಟು 7 ಲೀಟರಿಗೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಸೋಸಿ ಒಂದೊಂದು ಲೀಟರ್ ಗಾಜಿನ ಬಾಟಲಿಗೆ, ಚೀಟಿ ಅಂಟಿಸಿ. ಒಂದು ಮುಗಿದ ಮೇಲೆ ಇನ್ನೊಂದು ತೆಗೆಯುವುದು. ಗಡುವು ಐದು ದಿನ ಇಟ್ಟಿದ್ದೇನೆ, ಏಳು ಅಲ್ಲ. ಯಾಕೆಂದರೆ ಥರ್ಮಾಮೀಟರ್ ಮಧ್ಯಾಹ್ನ 7 ತೋರಿಸಿತು. ಬಾಗಿಲಿನ ರಬ್ಬರ್ ಬದಲಿಸಲು ಹೇಳಿದ್ದೇನೆ.

ಬ್ರಿಕ್ಸ್ 4.4 ಬಂತು. 0.85ರಿಂದ ಗುಣಿಸಿದರೆ ಸುಮಾರು 3.7. ಗ್ಲಾಸಿನಲ್ಲಿ ಹತ್ತು ನಿಮಿಷಕ್ಕೆ 175 ಇದ್ದದ್ದು 210 ಆಯಿತು, ಅಂದರೆ 35 ಗ್ರಾಂ ಐಸ್ ಕರಗಿದೆ. 75 ಎಂಎಲ್‌ನಲ್ಲಿ ಕಾಫಿ 2.8 ಗ್ರಾಂ, ಅದನ್ನು 210ಕ್ಕೆ ಹಂಚಿದರೆ ಶೇಕಡ 1.3. ಇದು ಸರಿಯಾ?

ಹುರಿದ ಬೀಜ:
ಸರಿಯಾಗಿದೆ. ಪೇಪರ್ ಫಿಲ್ಟರಿನ ಬಿಸಿ ಕಪ್ಪು ಕಾಫಿಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹುಡುಗರಿಗೆ 75 ಎಂಎಲ್ ಗೆರೆ ಇರುವ ಅಳತೆ ಲೋಟ ಕೊಡಿ. ಶನಿವಾರದ ಗಲಾಟೆಗೆ ಬೆಳಿಗ್ಗೆಯೇ ಮೂರು ಪಾಲು ಕಾನ್ಸಂಟ್ರೇಟ್, ನಾಲ್ಕು ಪಾಲು ನೀರು ಬೆರೆಸಿ ಜಗ್ಗಿನಲ್ಲಿ ಫ್ರಿಜ್ಜಲ್ಲಿಟ್ಟರೆ, ಐಸ್ ಹಾಕಿ 175 ಸುರಿದರೆ ಆಯಿತು. ರಾತ್ರಿ ಉಳಿದರೆ ಚೆಲ್ಲಿ. ಮುಂದಿನ ಬ್ಯಾಚ್ ಬ್ರಿಕ್ಸ್ 4ಕ್ಕೆ ಇಳಿದರೆ 75ರ ಬದಲು 82 ಹಾಕಿ, ಆ 7 ಎಂಎಲ್ ನೀರಿನಲ್ಲಿ ಕಡಿಮೆ ಮಾಡಿ. ಪ್ರತಿ ಬ್ಯಾಚಿಗೂ ಅಳೆಯಿರಿ, ಬೀಜ ಬದಲಾದರೆ ಅಂಕಿ ಬದಲಾಗುತ್ತದೆ.

ನೀಲಾ, ಆಹಾರ ಪ್ರಯೋಗಾಲಯ:
ಐದು ದಿನ ಇಟ್ಟದ್ದು ಒಳ್ಳೆಯದು. ಒಂದೇ ಮಾತು ಸೇರಿಸುತ್ತೇನೆ. ಎಂಟನೇ ದಿನ ಕೆಟ್ಟ ವಾಸನೆ ಬರಲಿಲ್ಲ ಅನ್ನುವುದರಿಂದ ಎಂಟು ದಿನ ಸುರಕ್ಷಿತ ಅಂತ ಆಗುವುದಿಲ್ಲ. ಮೂಗು ಹಾಳಾದದ್ದನ್ನು ಹಿಡಿಯುತ್ತದೆ, ಎಲ್ಲವನ್ನೂ ಹಿಡಿಯುವುದಿಲ್ಲ.

ಮೈಸೂರು ಡಿಕಾಕ್ಷನ್:
ನೀವು ಹೇಳಿದ ಮೇಲೆ ನಮ್ಮ ಹಾಲಿನ ಕ್ಯಾನಿನ ನಲ್ಲಿ ಬಿಚ್ಚಿಸಿದೆ. ತೊಳೆಸಿ ಹೊಸ ವಾಷರ್ ಹಾಕಿಸಿದ್ದೇನೆ. ಕೋಲ್ಡ್ ಬ್ರೂಗೆ ಚಿಕೋರಿ ಹಾಕಿದರೆ ಹೇಗಿರುತ್ತೆ ಅಂತ ಯಾರೂ ಹೇಳಲಿಲ್ಲ.

ಹುರಿದ ಬೀಜ:
ಕ್ಷಮಿಸಿ ಸರ್, ಅದು ತಪ್ಪಿಹೋಯಿತು. ಚಿಕೋರಿ ತಣ್ಣೀರಲ್ಲೂ ಬೇಗ ಬಿಡುತ್ತದೆ, ಬಣ್ಣವೂ ದಪ್ಪವೂ ಜಾಸ್ತಿ ಬರುತ್ತದೆ. ಹಾಗಾಗಿ ಬ್ರಿಕ್ಸ್ ಅಂಕಿ ಮೇಲೆ ಹೋಗುತ್ತದೆ, ಆದರೆ ಅದು ಕಾಫಿಯಿಂದಲ್ಲ. ಹಾಲು ಹಾಕಿ ಕುಡಿಯುವವರಿಗೆ ಶೇಕಡ 10 ಹಾಕಿ ನಾನು ಒಮ್ಮೆ ಮಾಡಿದ್ದೆ, ಇಷ್ಟಪಟ್ಟರು. ನೀರಲ್ಲಿ ಕುಡಿಯುವವರು ಮಣ್ಣಿನ ರುಚಿ ಅಂದರು. ನೀವು ಒಂದು ಲೀಟರ್ ಮಾಡಿ ನೋಡಿ, ಹೇಗೆ ಬಂತು ಅಂತ ಇಲ್ಲೇ ಬರೆಯಿರಿ.

ಬಯಲುಸೀಮೆ ಬಾಟ್ಲಿ:
ನೀಲಾ ಮೇಡಂ, ಬಾಟ್ಲಿ ಆರ್ಡರ್ ನಿಲ್ಲಿಸಿದೆ. ಲ್ಯಾಬಿಗೆ ಸ್ಯಾಂಪಲ್ ಕೊಡುವುದಾದರೆ ಒಂದು ಬ್ಯಾಚಿಂದ ಎಷ್ಟು ಬಾಟ್ಲಿ ಕೊಡಬೇಕು, ಎಷ್ಟು ದಿನಕ್ಕೊಂದು ಪರೀಕ್ಷೆ ಮಾಡಿಸಬೇಕು?